ಪದಚರ್ಚೆ: ಸಾಲದ ‘ಫ್ಲ್ಯಾಟ್’ ಬಡ್ಡಿ ಮತ್ತು ‘ರೆಡ್ಯೂಸಿಂಗ್’ ಬಡ್ಡಿಗೆ ಕನ್ನಡ ಪದ ಬೇಕು

ಶಾಲಿನಿ:
ಎಲ್ಲರಿಗೂ ನಮಸ್ಕಾರ. ಸಾಲ ತೆಗೆದುಕೊಳ್ಳುವವರಿಗೆ ಹಂಚುವ ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಮೊದಲು ಪಡೆದ ಪೂರ್ತಿ ಸಾಲಕ್ಕೇ ಕೊನೆಯವರೆಗೂ ಬಡ್ಡಿ ಹಾಕುವ ಫ್ಲ್ಯಾಟ್ ದರಕ್ಕೆ ‘ಸ್ಥಿರ ಬಡ್ಡಿ’, ತೀರಿಸದೆ ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ದರಕ್ಕೆ ‘ಇಳಿಕೆ ಬಡ್ಡಿ’ ಅಂತ ಹಾಕಿದ್ದೇನೆ. ಸರಿ ಇದೆಯಾ?

ನಾಗೇಶ:
ಎರಡೂ ತಪ್ಪು. ‘ಸ್ಥಿರ’ ಅನ್ನುವುದು ಅವಧಿಯುದ್ದಕ್ಕೂ ಬದಲಾಗದ ದರಕ್ಕೆ ಈಗಾಗಲೇ ಬಳಕೆಯಲ್ಲಿದೆ. ‘ಇಳಿಕೆ ಬಡ್ಡಿ’ ಅಂದರೆ ದರವೇ ಇಳಿಯುತ್ತದೆ ಅಂತ ಓದುವವರು ತಿಳಿಯುತ್ತಾರೆ. ಇಳಿಯುವುದು ಸಾಲ, ದರ ಅಲ್ಲ.

ರಮೇಶ:
ಸ್ಥಿರ ದರವೇ ಒಳ್ಳೆಯದು ಬಿಡಿ. ನಮ್ಮ ಮನೆ ಸಾಲ ಮಾರುಕಟ್ಟೆ ದರದ ಜೊತೆ ಏರಿ, ಕಂತಿನ ಅವಧಿ ಉದ್ದ ಆಗಿಹೋಯಿತು.

ನಾಗೇಶ:
ರಮೇಶ್, ನೀವು ಹೇಳುತ್ತಿರುವುದೇ ಬೇರೆ. ಇದೇ ಗೊಂದಲ ಆಗಬಾರದು ಅಂತ ನಾನು ಬರೆದದ್ದು.

ವೆಂಕಟೇಶ:
‘ಉಳಿಸಾಲ’ ಅನ್ನಿ. ಅಸಲು, ಬಾಕಿ ಎರಡೂ ಅರಬ್ಬಿಯಿಂದ ಬಂದವು, ನಮಗೆ ಬೇಡ. ಮೊದಲನೆಯದಕ್ಕೆ ‘ಮೊದಲ್ಸಾಲದ ಬಡ್ಡಿ’, ಎರಡನೆಯದಕ್ಕೆ ‘ಉಳಿಸಾಲದ ಬಡ್ಡಿ’. ಅಚ್ಚಗನ್ನಡ.

ಸುಮಾ:
‘ಬಡ್ಡಿ’ಯೇ ಸಂಸ್ಕೃತದ ‘ವೃದ್ಧಿ’ಯ ತದ್ಭವ ಸರ್. ಅದನ್ನೂ ತೆಗೆಯುತ್ತೀರಾ? ಕಂತು ಕಟ್ಟುವವರ ಬಾಯಲ್ಲಿ ಇರುವುದು ಅಸಲು, ಬಾಕಿ. ಪದ ಎಲ್ಲಿಂದ ಬಂತು ಅನ್ನುವುದರಿಂದ ಅವರಿಗೆ ಏನೂ ಆಗಬೇಕಿಲ್ಲ.

ವೆಂಕಟೇಶ:
ತದ್ಭವ ನಮ್ಮ ಒಲೆಯಲ್ಲಿ ಬೆಂದದ್ದು. ಬಾಕಿ ಹಾಗಲ್ಲ. ಇಷ್ಟೇ ನನ್ನ ಮಾತು.

ಗೋಪಾಲ:
ಶಾಲಿನಿಯವರೇ, ಪದ ಯಾವುದೇ ಇರಲಿ, ಫ್ಲ್ಯಾಟ್ ದರವನ್ನು ಎರಡರಿಂದ ಗುಣಿಸಿ ಅಂತ ಒಂದು ಸಾಲು ಸೇರಿಸಿ. ಅದೇ ನಿಜವಾದ ದರ.

ನಾಗೇಶ:
ಪೂರ್ತಿ ಸರಿ ಅಲ್ಲ ಗೋಪಾಲ್. ನಾನು ಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು, ಲೆಕ್ಕ ಹಾಕಿಯೇ ಹೇಳುತ್ತೇನೆ. 1,20,000 ಸಾಲ, 12 ತಿಂಗಳು, ಫ್ಲ್ಯಾಟ್ 12% ಅಂದುಕೊಳ್ಳಿ. ಬಡ್ಡಿ 14,400. ಎರಡನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಕಂತು 11,200. ಅವರ ಲೆಕ್ಕದಲ್ಲಿ ಪ್ರತಿ ಕಂತಿನಲ್ಲೂ 10,000 ಅಸಲು, 1,200 ಬಡ್ಡಿ. ಈಗ ಕೊನೆಯ ತಿಂಗಳು ನೋಡಿ. ನಿಮ್ಮ ಹತ್ತಿರ ಉಳಿದಿರುವುದು ಬರೀ 10,000. ಬಡ್ಡಿ ಮಾತ್ರ ಅದೇ 1,200, ಅಂದರೆ ಒಂದೇ ತಿಂಗಳಿಗೆ 12%! ತೀರಿಸಿಬಿಟ್ಟ ಹಣಕ್ಕೂ ಬಡ್ಡಿ ಕಟ್ಟುತ್ತಿದ್ದೀರಿ.

ಇದನ್ನು ಬಾಕಿ ಮೇಲಿನ ದರಕ್ಕೆ ತರಲು ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಹಾಕಿ:

```
=RATE(12,-11200,120000)*12
```

ಬರುವುದು ಸುಮಾರು 21.5%, ಇಪ್ಪತ್ನಾಲ್ಕು ಅಲ್ಲ. ಅವಧಿ ತುಂಬಾ ಉದ್ದ ಆದರೆ ಇನ್ನೂ ಇಳಿಯುತ್ತದೆ. ಅದೇ ಫ್ಲ್ಯಾಟ್ 12% ಐದು ವರ್ಷಕ್ಕಾದರೆ ಸುಮಾರು 20.3%. ಎರಡರಿಂದ ಗುಣಿಸುವುದು ಎಚ್ಚರಿಕೆಗೆ ಸಾಕು, ಎರಡು ಸಾಲ ಹೋಲಿಸಲು ಸಾಲದು. ಬಾಕಿ ಮೇಲೆ ನಿಜವಾಗಿ 12% ಆಗಿದ್ದರೆ ಕಂತು 10,662, ಒಟ್ಟು ಬಡ್ಡಿ ಎಂಟು ಸಾವಿರದ ಒಳಗೆ.

ಸುಮಾ:
ನನಗೆ ಸಾಲ ಕೊಟ್ಟವರು ಮೊದಲೇ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಟ್ಟರು. ಅದು ಈ ದರದಲ್ಲಿ ಸೇರುತ್ತದಾ?

ನಾಗೇಶ:
ಹೇಳುವ ದರದಲ್ಲಿ ಸೇರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಮೇಲಿನ ಸೂತ್ರದಲ್ಲಿ ಸಾಲದ ಮೊತ್ತದ ಜಾಗದಲ್ಲಿ ಕೈಗೆ ಬಂದ ಹಣ ಹಾಕಿ. 2,400 ಹಿಡಿದರು ಅಂದುಕೊಳ್ಳಿ. 120000 ಬದಲು 117600 ಹಾಕಿದರೆ ದರ ಸುಮಾರು 25.4% ಆಗುತ್ತದೆ. ಸಣ್ಣ ಶುಲ್ಕ ಅಂತ ಬಿಡಬೇಡಿ, ಅವಧಿ ಕಡಿಮೆ ಇದ್ದಷ್ಟೂ ಅದರ ಭಾರ ಜಾಸ್ತಿ.

ಗೋಪಾಲ:
ಕರಪತ್ರ ಓದುವವರೆಲ್ಲ ಸ್ಪ್ರೆಡ್‌ಶೀಟ್ ತೆಗೆಯುತ್ತಾರಾ? ನನ್ನ ಎರಡರ ಲೆಕ್ಕ ಬಾಯಲ್ಲಿ ಆಗುತ್ತದೆ.

ನಾಗೇಶ:
ಹಾಗಾದರೆ ದರವನ್ನೇ ಬಿಡಿ. ಮೊತ್ತ, ಅವಧಿ ಎರಡೂ ಒಂದೇ ಇರುವ ಸಾಲಗಳಾದರೆ ಒಟ್ಟು ಎಷ್ಟು ಕಟ್ಟಬೇಕು ಅಂತ ಕೇಳಿ, ಶುಲ್ಕ ಸೇರಿಸಿ, ಅದನ್ನು ಹೋಲಿಸಿ. ಅವಧಿ ಬೇರೆ ಇದ್ದರೆ ಮಾತ್ರ ಇದು ನಡೆಯುವುದಿಲ್ಲ.

ಶಾಲಿನಿ:
‘ಮೂಲ ಸಾಲದ ಮೇಲಿನ ಬಡ್ಡಿ’, ‘ಬಾಕಿ ಸಾಲದ ಮೇಲಿನ ಬಡ್ಡಿ’ ಅಂತ ಹಾಕುತ್ತಿದ್ದೇನೆ. ಕೊನೆಯ ಕಂತಿನ ಉದಾಹರಣೆಯನ್ನೂ ಸೇರಿಸುತ್ತೇನೆ.

ನಾಗೇಶ:
ಆಗಬಹುದು. ಮೊದಲ ಸಲ ಬರುವಾಗ ಪಕ್ಕದಲ್ಲಿ ‘ಫ್ಲ್ಯಾಟ್ ದರ’ ಅಂತಲೂ ಇರಲಿ. ಸಾಲ ಕೊಡುವವರು ಆ ಮಾತನ್ನೇ ಆಡುತ್ತಾರೆ, ಕೇಳಿದವರಿಗೆ ಗುರುತು ಸಿಗಬೇಕು.

ವೆಂಕಟೇಶ:
‘ಮೂಲ’ ಸಂಸ್ಕೃತ, ‘ಬಾಕಿ’ ಅರಬ್ಬಿ, ‘ಫ್ಲ್ಯಾಟ್’ ಇಂಗ್ಲಿಷ್. ಒಂದೇ ಸಾಲಿನಲ್ಲಿ ಮೂರು ನುಡಿ. ನನಗೆ ಒಪ್ಪಿಗೆ ಇಲ್ಲ.