ಅಪ್‌ಡೇಟ್: ಸೀನಿಯರ್‌ಗೆ ಕಳಿಸುವ ಮೆಸೇಜಿನಲ್ಲಿ !!! ಮತ್ತು ಎಮೋಜಿ

ನಾನು ಕೇಳಿದ್ದು: "ಸರ್, ಸ್ಟಾಕ್ ಶೀಟ್ ಕಳಿಸಿ ಪ್ಲೀಸ್!!! 🙏🙏😊" ಸೀನಿಯರ್‌ಗೆ ಇದು ಜಾಸ್ತಿ ಆಯ್ತಾ? ಹೇಗೆ ತಗ್ಗಿಸಲಿ?

ಎಲ್ಲವನ್ನೂ ತೆಗೆದುಬಿಡಿ ಅಂದಿರಲ್ಲ, ಅದು ಸರಿಹೋಗಲಿಲ್ಲ. ಬರೀ "ಸ್ಟಾಕ್ ಶೀಟ್ ಕಳಿಸಿ" ಅಂದರೆ ಆರ್ಡರ್ ಮಾಡಿದಂತೆ ಕಾಣುತ್ತಿತ್ತು. ಕೆಲಸಕ್ಕೆ ಬಂದಿದ್ದು ಇನ್ನೊಂದು ಸಲಹೆ: ವಾಕ್ಯವನ್ನು ಪ್ರಶ್ನೆ ಮಾಡಿ, ಕಾರಣವನ್ನೂ ಹೇಳಿ. ಕೊನೆಗೆ ದಾವಣಗೆರೆ ಆಫೀಸಿನಿಂದ ಹೀಗೆ ಕಳಿಸಿದೆ:

"ನಮಸ್ಕಾರ ಸರ್. ಚಿತ್ರದುರ್ಗ ಬ್ರಾಂಚಿನ ಸ್ಟಾಕ್ ಶೀಟ್ ಸಂಜೆ 4ರೊಳಗೆ ಕಳಿಸಲು ಆಗುತ್ತದೆಯೇ? ನಾಳೆ ಆಡಿಟ್‌ಗೆ ಬೇಕಿತ್ತು. 🙏"

ಮಧ್ಯಾಹ್ನವೇ ಶೀಟ್ ಬಂತು. ಆಮೇಲೆ ಊಟಕ್ಕೆ ಸಿಕ್ಕಾಗ ಗೊತ್ತಾಯ್ತು, ಸರ್‌ಗೆ ಎಮೋಜಿ ಬಗ್ಗೆ ಬೇಜಾರೇ ಇರಲಿಲ್ಲವಂತೆ. ಮೂರು !!! ಕಂಡಾಗೆಲ್ಲ ಏನೋ ಅರ್ಜೆಂಟ್ ಅಂತ ಗಾಬರಿಯಾಗುತ್ತಿತ್ತಂತೆ! ಹಾಗಾಗಿ ಒಂದು 🙏 ಇಟ್ಟುಕೊಂಡಿದ್ದೇನೆ, ನಮ್ಮ ಕಡೆ ಅದು ಯಾರಿಗೂ ಅತಿ ಅನಿಸುವುದಿಲ್ಲ.