ಮ್ಯಾನೇಜರ್ ಜತೆ ಜಗಳ: ಐದು ಟ್ಯಾರೋ ಕಾರ್ಡಿನ ಸ್ಪ್ರೆಡ್ ನಾವೇ ಮಾಡಿಕೊಳ್ಳುವುದು ಹೇಗೆ?

ಸವಿತಾ, ಹುಬ್ಬಳ್ಳಿ: ಮೇಡಂ, ಗೋಕುಲ ರೋಡಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಮ್ಯಾನೇಜರ್ ಸಂಜೆ ಐದೂವರೆಗೆ ರಿಪೋರ್ಟ್ ಕೇಳುತ್ತಾರೆ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಎಲ್ಲರೆದುರು "ನಾ ಕೇಳಿದ್ದು ಇದಲ್ಲ" ಅಂತಾರೆ. ಯಾವ ಜಾಗದ ಕಾರ್ಡು ಯಾವ ಪ್ರಶ್ನೆಗೆ ಅಂತ ನಾನೇ ಒಂದು ಸ್ಪ್ರೆಡ್ ಮಾಡಿಕೊಂಡೆ: ನಾನು, ಅವರು, ಅವರ ಮನಸ್ಸಿನಲ್ಲಿ ಏನಿದೆ, ತಪ್ಪು ಯಾರದು, ಕೊನೆಗೆ ಏನಾಗುತ್ತದೆ. ಹಾಕಿದಾಗೆಲ್ಲ ಬೇರೆ ಕಥೆ ಬರುತ್ತಿದೆ. ಎಲ್ಲಿ ಎಡವಿದೆ?

ಶೈಲಾ, ಟ್ಯಾರೋ ರೀಡರ್, ಧಾರವಾಡ: ಸವಿತಾ ಅವರೇ, ಜಾಗಗಳನ್ನು ಸರಿಯಾಗಿ ಮಾಡಿಕೊಂಡಿಲ್ಲ. "ಅವರು" ಮತ್ತು "ಅವರ ಮನಸ್ಸಿನಲ್ಲಿ ಏನಿದೆ" ಎರಡೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಪರೀಕ್ಷೆ ಮಾಡಿ ನೋಡಿ. ಎಂಪರರ್ ಕಾರ್ಡನ್ನು ಮೊದಲು ಒಂದು ಜಾಗದಲ್ಲಿಟ್ಟು ಓದಿ, ಆಮೇಲೆ ಇನ್ನೊಂದರಲ್ಲಿ. ಎರಡೂ ಕಡೆ ಅದೇ ಮಾತು ಬಂದರೆ ಒಂದು ಜಾಗ ದಂಡ. ಇನ್ನು "ತಪ್ಪು ಯಾರದು" ಅನ್ನುವಲ್ಲಿ ಫೋರ್ ಆಫ್ ಕಪ್ಸ್ ಬಂದರೆ ಯಾರ ಹೆಸರು ಹೇಳುತ್ತೀರಿ? ನೀವು ಮೊದಲೇ ಯಾರನ್ನು ಅಂದುಕೊಂಡಿದ್ದೀರೋ ಅವರದನ್ನೇ.

ಐದು ಜಾಗ ಹೀಗೆ ಬದಲಿಸಿ. ನಡುವೆ ಒಂದನೆಯದು: ಜಗಳ ನಿಜಕ್ಕೂ ಯಾವುದರ ಬಗ್ಗೆ? ಎಡಕ್ಕೆ ಎರಡನೆಯದು: ಇದಕ್ಕೆ ನನ್ನ ಕಡೆಯಿಂದ ಏನು ಸೇರುತ್ತಿದೆ? ಬಲಕ್ಕೆ ಮೂರನೆಯದು: ಅವರ ಮೇಲಿರುವ ಯಾವ ಒತ್ತಡ ನನಗೆ ಕಾಣುತ್ತಿಲ್ಲ? ಮನಸ್ಸಲ್ಲ, ಒತ್ತಡ. ಒತ್ತಡವಾದರೆ ಆಮೇಲೆ ಆಫೀಸಿನಲ್ಲೇ ವಿಚಾರಿಸಿ ತಿಳಿಯಬಹುದು. ಕೆಳಗೆ ನಾಲ್ಕನೆಯದು: ಹೀಗೇ ಸುಮ್ಮನಿದ್ದರೆ ನನಗೆ ಏನು ನಷ್ಟ? ಮೇಲೆ ಐದನೆಯದು: ಈ ತಿಂಗಳು ನಾನು ಇಡಬಹುದಾದ ಒಂದು ಹೆಜ್ಜೆ. "ಕೊನೆಗೆ ಏನಾಗುತ್ತದೆ" ತೆಗೆದುಬಿಡಿ.

ಕಾರ್ಡು ಕಲಸುವ ಮೊದಲೇ ಇದನ್ನೆಲ್ಲ ಕಾಗದದಲ್ಲಿ ಬರೆಯಿರಿ. ತಲೆಕೆಳಗಾದ ಕಾರ್ಡನ್ನು ಓದುತ್ತೀರೋ ಇಲ್ಲವೋ ಅದನ್ನೂ ಬರೆಯಿರಿ. ಕಾರ್ಡು ನೋಡಿದ ಮೇಲೆ ನಿಯಮ ಮಾಡಬಾರದು. ಒಂದು ಸಲ ಹಾಕಿ, ಬಂದದ್ದನ್ನು ಇಲ್ಲಿ ಹೇಳಿ.

ಗುರು, ಗದಗ: ಫಾರ್ವರ್ಡ್ ಬಂದದ್ದು: ಬಾಸ್ ಹೆಸರನ್ನು ಕೆಂಪು ಇಂಕಿನಲ್ಲಿ ಬರೆದು ಜೇನುತುಪ್ಪದ ಬಾಟಲಿಯಲ್ಲಿ ಹಾಕಿದರೆ ಇಪ್ಪತ್ತೊಂದು ದಿನದಲ್ಲಿ ಬಾಯಿ ಸಿಹಿಯಾಗುತ್ತದೆ. ಡೆಕ್ಕನ್ನು ರಾತ್ರಿ ಉಪ್ಪಿನಲ್ಲಿ ಹೂಳಿಡಬೇಕು 🙏

ಶೈಲಾ: ಗುರು ಅವರೇ, ಉಪ್ಪು ತೇವ ಎಳೆಯುತ್ತದೆ. ಕಾರ್ಡಿನ ಅಂಚು ಉಬ್ಬುತ್ತದೆ, ಆಮೇಲೆ ಕಲಸಲು ಬರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಜೇನುತುಪ್ಪ ರೊಟ್ಟಿಗೆ ಇರಲಿ.

ಪ್ರಕಾಶ, ಹಾವೇರಿ: ಯಾವ ಡೆಕ್ ತಗೋಬೇಕು ಮೇಡಂ?

ಶೈಲಾ: ರೈಡರ್-ವೇಟ್. 1909ರದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಕಪ್ಸ್, ಸೋರ್ಡ್ಸ್‌ನಂಥ ಚಿಕ್ಕ ಕಾರ್ಡುಗಳಲ್ಲೂ ದೃಶ್ಯ ಇರುವುದರಿಂದ ಕಲಿಯುವವರಿಗೆ ಸುಲಭ.

ಸವಿತಾ: ಹಾಕಿದೆ ಮೇಡಂ. ತಲೆಕೆಳಗನ್ನೂ ಓದುತ್ತೇನೆ ಅಂತ ಮೊದಲೇ ಬರೆದಿದ್ದೆ. 1 ತ್ರೀ ಆಫ್ ಪೆಂಟಕಲ್ಸ್, ತಲೆಕೆಳಗೆ. 2 ಏಟ್ ಆಫ್ ಸೋರ್ಡ್ಸ್. 3 ಟೆನ್ ಆಫ್ ವಾಂಡ್ಸ್. 4 ಫೈವ್ ಆಫ್ ಕಪ್ಸ್. 5 ಫೈವ್ ಆಫ್ ಸೋರ್ಡ್ಸ್. ಕೊನೆಯದು ನೋಡಿ ಹೆದರಿಕೆ ಆಯ್ತು.

ಬಸವರಾಜ, ಹುಬ್ಬಳ್ಳಿ: ಎಂಪರರ್‌ನಂಥ ಮೇಜರ್ ಕಾರ್ಡ್ ಒಂದೂ ಬಂದಿಲ್ಲ ನೋಡ್ರಿ. ಹಂಗಾದ್ರೆ ಈ ರೀಡಿಂಗ್ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು.

ಶೈಲಾ: ಬೇಡ. 78 ಕಾರ್ಡಿನಲ್ಲಿ ಮೇಜರ್ ಇರುವುದು 22. ಐದು ಎಳೆದರೆ ನೂರರಲ್ಲಿ ಸುಮಾರು 18 ಸಲ ಒಂದೂ ಮೇಜರ್ ಬರುವುದಿಲ್ಲ. ಅದು ದೋಷವೇನಲ್ಲ. ದಿನನಿತ್ಯದ ವಿಷಯ, ಕೈಯಲ್ಲಿರುವ ವಿಷಯ ಅಂತ ನಾನು ಓದುತ್ತೇನೆ, ಅಷ್ಟೇ.

ಸವಿತಾ, ನಿಮ್ಮ ಒಂದನೆಯ ಕಾರ್ಡಿನ ಚಿತ್ರ ನೋಡಿ. ಕಟ್ಟಡದೊಳಗೆ ಒಬ್ಬ ಕಲ್ಲುಕೆಲಸದವನು, ಎದುರಿಗೆ ಇಬ್ಬರು ನಕ್ಷೆ ಹಿಡಿದು ನಿಂತಿದ್ದಾರೆ. ತಲೆಕೆಳಗಾದರೆ ನಕ್ಷೆಯ ಬಗ್ಗೆ ಒಮ್ಮತ ಇಲ್ಲ. ಅಂದರೆ ನಿಮ್ಮ ಜಗಳ ಸ್ವಭಾವದ್ದಲ್ಲ. ಐದೂವರೆಗೆ ಬಾಯಿಮಾತಿನಲ್ಲಿ ಏನು ಕೇಳಿದರು, ನೀವು ಏನು ಕೇಳಿಸಿಕೊಂಡಿರಿ, ಅದರದ್ದು. "ನಾ ಕೇಳಿದ್ದು ಇದಲ್ಲ" ಅನ್ನುವ ಮಾತಿಗೆ ಸರಿ ಹೊಂದುತ್ತದೆ ಅಲ್ವಾ?

ಎರಡು ಮತ್ತು ಮೂರನ್ನು ಜತೆಗಿಟ್ಟು ಓದಿ. ಅದಕ್ಕೇ ಅವನ್ನು ಎದುರುಬದುರು ಇಡಿಸಿದ್ದು. ಏಟ್ ಆಫ್ ಸೋರ್ಡ್ಸ್‌ನ ಹೆಂಗಸಿಗೆ ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಆದರೆ ಕಾಲಿಗೆ ಕಟ್ಟಿಲ್ಲ. ಟೆನ್ ಆಫ್ ವಾಂಡ್ಸ್‌ನವನು ಹತ್ತು ಕೋಲು ಹೊತ್ತು ಬಗ್ಗಿದ್ದಾನೆ, ಮುಖ ಕೋಲುಗಳೊಳಗೆ, ದಾರಿಯೇ ಕಾಣುತ್ತಿಲ್ಲ. ನೀವು ಬಾಯಿಬಿಟ್ಟು ಕೇಳುತ್ತಿಲ್ಲ, ಅವರು ನೋಡುತ್ತಿಲ್ಲ. ಐದೂವರೆಗೆ ಬರುವ ಬೇಡಿಕೆ ಅವರಿಗೂ ಮೇಲಿನಿಂದ ಐದಕ್ಕೆ ಬಂದಿರಬಹುದು. ಕಾರ್ಡಿನಿಂದ ಇದು ಖಚಿತವಾಗುವುದಿಲ್ಲ. ನಾಳೆ ಆಫೀಸಿನಲ್ಲೇ ಕೇಳಿ: "ಸರ್, ಇದು ಎಲ್ಲಿಗೆ ಹೋಗಬೇಕು, ಎಷ್ಟೊತ್ತಿಗೆ?"

ನಾಲ್ಕರಲ್ಲಿ ಮೂರು ಬಟ್ಟಲು ಚೆಲ್ಲಿವೆ, ಬೆನ್ನ ಹಿಂದೆ ಎರಡು ನಿಂತಿವೆ. ಸುಮ್ಮನಿದ್ದರೆ ಆಗುವ ನಷ್ಟ ಅದೇ: ಮೀಟಿಂಗಿನ ಅವಮಾನವನ್ನೇ ನೋಡುತ್ತ, ಆಫೀಸಿನಲ್ಲಿ ನಿಮ್ಮ ಪರವಾಗಿ ಇನ್ನೂ ಉಳಿದಿರುವುದು ಕಾಣದೇ ಹೋಗುತ್ತದೆ.

ಐದನೆಯದೇ ತೊಡಕು. ಒಬ್ಬ ಕತ್ತಿಗಳನ್ನು ಆರಿಸಿಕೊಂಡು ನಗುತ್ತಿದ್ದಾನೆ, ಇಬ್ಬರು ತಲೆ ತಗ್ಗಿಸಿ ಹೋಗುತ್ತಿದ್ದಾರೆ. ಹೆಜ್ಜೆಯ ಜಾಗದಲ್ಲಿ ಇಂಥ ಕಾರ್ಡು ಬಂದರೆ "ಹೀಗೆ ಮಾಡು" ಅಂತ ಓದಬೇಕೋ "ಹೀಗೆ ಮಾಡಬೇಡ" ಅಂತಲೋ, ಅದನ್ನೂ ಕಲಸುವ ಮೊದಲೇ ಬರೆದಿಟ್ಟುಕೊಳ್ಳಬೇಕಿತ್ತು. ನಾನಾದರೆ ಒಂದನೆಯ ಕಾರ್ಡಿನ ಜತೆ ಸೇರಿಸಿ ಓದುತ್ತೇನೆ. ಮೀಟಿಂಗಿನಲ್ಲಿ ಎಲ್ಲರೆದುರು ವಾದ ಗೆಲ್ಲಲು ಹೋಗಬೇಡಿ. ಐದೂವರೆಗೆ ಕೇಳಿದ್ದನ್ನು ಆಗಲೇ ಎರಡು ಸಾಲಿನ ಮೇಲ್ ಮಾಡಿ: "ತಾವು ಕೇಳಿದ್ದು ಇದು, ನಾನು ಕಳಿಸುತ್ತಿರುವುದು ಇದು."

ಬಸವರಾಜ: ಅದು ನಿಮ್ಮ ಓದು. ಆ ಕಾರ್ಡಿನಲ್ಲಿ ಇಬ್ಬರು ಹೊರಟು ಹೋಗುತ್ತಿದ್ದಾರೆ. ಕೆಲಸ ಬಿಡು ಅಂತಲೇ ಅರ್ಥ.

ಮಂಜುಳಾ, ಧಾರವಾಡ: ಒಂದು ಕಾರ್ಡು ನೋಡಿ ಸಂಬಳ ಬಿಡು ಅಂತೀರಲ್ಲ ಅಣ್ಣಾ, ಅವರ ಮನೆ ಬಾಡಿಗೆ ನೀವು ಕಟ್ಟುತ್ತೀರೇನು?

ಬಸವರಾಜ: ನಾನು ಅಭಿಪ್ರಾಯ ಹೇಳಿದೆ ಅಕ್ಕಾ. ಗ್ರೂಪ್ ಇರೋದೇ ಅದಕ್ಕೆ.

ಮಂಜುಳಾ: ಅಭಿಪ್ರಾಯಕ್ಕೂ ಆಜ್ಞೆಗೂ ವ್ಯತ್ಯಾಸ ಇದೆ.

ಶೈಲಾ: ಬಸವರಾಜ ಅವರ ಓದನ್ನು ಪೂರ್ತಿ ತಪ್ಪು ಅನ್ನಲಾರೆ. ಆ ಕಾರ್ಡಿಗೆ ಅದೂ ಒಂದು ಅರ್ಥ. ಆದರೆ ಸವಿತಾ ಬರೆದ ಪ್ರಶ್ನೆ "ಈ ತಿಂಗಳ ಒಂದು ಹೆಜ್ಜೆ". ಕೆಲಸ ಬಿಡುವುದಕ್ಕೆ ಬೇರೆ ಸ್ಪ್ರೆಡ್ ಬೇಕು.

ನಂದಿನಿ, ಹಾವೇರಿ: ನನ್ನ ಅತ್ತೆಗೂ ನನಗೂ ಇದೇ ಸಮಸ್ಯೆ. ಇದೇ ಸ್ಪ್ರೆಡ್ ನಡೆಯುತ್ತಾ?

ಪ್ರಕಾಶ: ನನ್ನ ಪ್ರಮೋಷನ್ ಯಾವಾಗ ಮೇಡಂ?

ಶೈಲಾ: ಈ ಸ್ಪ್ರೆಡ್‌ನಲ್ಲಿ ದಿನಾಂಕಕ್ಕೆ ಜಾಗವೇ ಇಲ್ಲ.

ಹೆಸರು ಬೇಡ ಎಂದ ಸದಸ್ಯೆ: ನಾನು ಒಬ್ಬಳೇ ಇರುವಾಗ ನಮ್ಮ ಮ್ಯಾನೇಜರ್ ಕ್ಯಾಬಿನ್‌ಗೆ ಕರೆದು ಹೆಗಲ ಮೇಲೆ ಕೈ ಹಾಕುತ್ತಾರೆ. ಹೋಗಲಿಲ್ಲ ಅಂದರೆ ರಜೆ ಕೊಡುವುದಿಲ್ಲ. ಮೂರನೆಯ ಜಾಗಕ್ಕೆ ಡೆವಿಲ್ ಬಂದಿದೆ.

ಶೈಲಾ: ಕಾರ್ಡು ಎತ್ತಿಡಿ. "ಅವರ ಒತ್ತಡ", "ನನ್ನ ಪಾಲು" ಅನ್ನುವ ಜಾಗಗಳು ನಿಮ್ಮ ವಿಷಯಕ್ಕೆ ಅಲ್ಲವೇ ಅಲ್ಲ. ಇದರಲ್ಲಿ ನಿಮ್ಮ ಪಾಲಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆಯಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡವಾಗಿದ್ದರೆ ಕಾರಣ ಬರೆದು ಕೊಡಿ, ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಯಾವ ದಿನ ಏನಾಯಿತು, ಎಷ್ಟು ಹೊತ್ತಿಗೆ, ಅದನ್ನು ಇವತ್ತೇ ಬರೆದಿಡಿ. ರಜೆಯ ಮೆಸೇಜ್ ಅಳಿಸಬೇಡಿ. ನನಗೆ ಫೋನ್ ಮಾಡಿ.

ಗುರು, ಗದಗ: ಇಂಥ ಬಾಸ್‌ಗೆ ಲಿಂಬೆಹಣ್ಣು ಕೊಯ್ದು ಡ್ರಾಯರ್‌ನಲ್ಲಿ...

ಶೈಲಾ: ಗುರು ಅವರೇ, ಆ ಮೆಸೇಜ್ ಡಿಲೀಟ್ ಮಾಡಿ. ಈಗಲೇ.

ಸವಿತಾ: ಮೇಲ್ ಮಾಡುತ್ತೇನೆ ಮೇಡಂ. ಫೈವ್ ಆಫ್ ಸೋರ್ಡ್ಸ್ ಸ್ಪಷ್ಟವಾಗಲಿ ಅಂತ ಇನ್ನೊಂದು ಕಾರ್ಡು ಎಳೆಯಲಾ?

ಶೈಲಾ: ಬೇಡ. ಇನ್ನೊಂದು ಎಳೆದರೆ ಅದಕ್ಕೂ ಇನ್ನೊಂದು ಬೇಕಾಗುತ್ತದೆ. ಎರಡು ವಾರ ಮೇಲ್ ಮಾಡಿ, "ನಾ ಕೇಳಿದ್ದು ಇದಲ್ಲ" ಅನ್ನುವುದು ಕಡಿಮೆ ಆಯಿತೇ ನೋಡಿ. ಆಗದಿದ್ದರೆ ನಾನು ಒಂದನೆಯ ಕಾರ್ಡು ಓದಿದ್ದು ಸರಿ ಇರಲಿಲ್ಲ ಅಂತ.

ಬಸವರಾಜ: ಆಗ ನನ್ನ ಮಾತು ನೆನಪಾಗುತ್ತದೆ.

ಮಂಜುಳಾ: ಮತ್ತೆ ಶುರು ಆಯ್ತು.

ಪ್ರಕಾಶ, ಹಾವೇರಿ: ಮೇಡಂ ಡೆಕ್ ಯಾವುದು ಅಂದಿರಿ?