ಒಂದೇ ಕಾರು, ಪೆಟ್ರೋಲಾ ಸಿಎನ್‌ಜಿಯಾ? ಐದು ವರ್ಷದ ಲೆಕ್ಕ

ರೇಖಾ, ತುಮಕೂರು: ಸರ್, ಒಂದೇ ವೇರಿಯಂಟ್. ಎಕ್ಸ್‌ಶೋರೂಂ ಬೆಲೆ ಪೆಟ್ರೋಲ್‌ಗೆ 9.60 ಲಕ್ಷ, ಸಿಎನ್‌ಜಿಗೆ 10.50. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸ್ತೀವಿ. 90 ಸಾವಿರ ಹೆಚ್ಚು ಕೊಟ್ಟಿದ್ದು ಐದು ವರ್ಷದಲ್ಲಿ ಹುಟ್ಟುತ್ತಾ?

ಸತೀಶ್ (ವಾಹನ ಮೌಲ್ಯಮಾಪಕ): ನೀವು ಹೆಚ್ಚು ಕೊಡೋದು 90 ಸಾವಿರ ಅಲ್ಲ, ಸುಮಾರು 1.39 ಲಕ್ಷ. ನಮ್ಮಲ್ಲಿ ಆಜೀವ ತೆರಿಗೆ 5ರಿಂದ 10 ಲಕ್ಷದವರೆಗೆ 14%, ದಾಟಿದರೆ 20 ಲಕ್ಷದವರೆಗೆ 17%. ಅದರ ಮೇಲೆ 11% ಸೆಸ್. 17% ಬೀಳೋದು ದಾಟಿದ 50 ಸಾವಿರಕ್ಕಲ್ಲ, ಪೂರ್ತಿ ಬೆಲೆಗೆ. ಹಾಗಾಗಿ ಪೆಟ್ರೋಲ್‌ಗೆ 1.49 ಲಕ್ಷ, ಸಿಎನ್‌ಜಿಗೆ 1.98 ಲಕ್ಷ. ಈ 49 ಸಾವಿರವನ್ನು ಮಾರುವಾಗ ಯಾರೂ ವಾಪಸ್ ಕೊಡಲ್ಲ.

ಇನ್ನು ಇಂಧನ. ಪೆಟ್ರೋಲ್ 103 ರೂ., ಲೀಟರಿಗೆ 18 ಕಿ.ಮೀ. ಸಿಎನ್‌ಜಿ 89 ರೂ., ಕೆಜಿಗೆ 25 ಅಂತ ಹಿಡಿಯೋಣ. ಕಿ.ಮೀ.ಗೆ 5.72 ಮತ್ತು 3.56. ಆದರೆ ಸಿಎನ್‌ಜಿ ಕಾರೂ ಬೆಳಿಗ್ಗೆ ಸ್ಟಾರ್ಟ್ ಆಗುವಾಗ, ಬಂಕ್ ಸಿಗದ ದಾರಿಯಲ್ಲಿ ಪೆಟ್ರೋಲ್ ಕುಡಿಯುತ್ತೆ. ಹತ್ತರಲ್ಲೊಂದು ಪಾಲು ಅಂತ ಹಿಡಿದರೆ ಉಳಿಯೋದು ಕಿ.ಮೀ.ಗೆ 1.94 ರೂ. 60 ಸಾವಿರ ಕಿ.ಮೀ.ಗೆ 1.16 ಲಕ್ಷ.

ಆ 1.39 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ 6.5% ಸರಳ ಬಡ್ಡಿಯಲ್ಲೇ 45 ಸಾವಿರ ತರ್ತಿತ್ತು. ವಿಮೆಗೆ ಐದು ವರ್ಷದಲ್ಲಿ 6 ಸಾವಿರ ಹೆಚ್ಚು ಅಂತಿಟ್ಟುಕೊಳ್ಳಿ. ಮಾರುವಾಗ ಸಿಎನ್‌ಜಿಗೆ 40 ಸಾವಿರ ಹೆಚ್ಚು ಸಿಕ್ಕಿತು ಅನ್ನೋಣ. ಅಷ್ಟಾದ ಮೇಲೂ 34 ಸಾವಿರ ಖೋತಾ. ನಿಮ್ಮ ಓಡಾಟಕ್ಕೆ ಪೆಟ್ರೋಲೇ ಸರಿ.

ಒಂದು ಮೆಟ್ಟಿಲು ಕೆಳಗಿನ ಸಿಎನ್‌ಜಿ ವೇರಿಯಂಟ್ 10 ಲಕ್ಷದೊಳಗೆ ಸಿಗುತ್ತಾ ವಿಚಾರಿಸಿ. 9.85ಕ್ಕೆ ಸಿಕ್ಕರೆ ತೆರಿಗೆಯ ವ್ಯತ್ಯಾಸ 4 ಸಾವಿರಕ್ಕೆ ಇಳಿಯುತ್ತೆ, ಲೆಕ್ಕ ಪೂರ್ತಿ ತಿರುಗಿಬೀಳುತ್ತೆ. ಅಲಾಯ್ ಚಕ್ರ ಹೋಗಬಹುದು, ಹೋಗಲಿ.

ಮಂಜುನಾಥ್: ಟಿಸಿಎಸ್ ಮರೆತ್ರಿ! 10 ಲಕ್ಷ ದಾಟಿದ್ರೆ ಇನ್ನೂ 1% ಕಟ್ಟಬೇಕು. 10,500 ಸೇರಿಸಿ.

ಲತಾ: ಅದು ಖರ್ಚಲ್ಲ ಮಂಜುನಾಥ್ ಅವರೇ. ಆ ವರ್ಷದ ರಿಟರ್ನ್ಸ್‌ನಲ್ಲಿ ಆದಾಯ ತೆರಿಗೆಗೆ ವಜಾ ಆಗುತ್ತೆ, ಹೆಚ್ಚಿದ್ದರೆ ರೀಫಂಡ್ ಬರುತ್ತೆ. ಸತೀಶ್ ಸರ್, ನಿಮ್ಮ ಬಡ್ಡಿ ಲೆಕ್ಕ ಒಂದು ಕಡೆಗೇ ವಾಲಿದೆ. ಪ್ರತಿ ತಿಂಗಳು ಇಂಧನದಲ್ಲಿ ಉಳಿಯೋ ದುಡ್ಡಿಗೂ ಬಡ್ಡಿ ಹಾಕಬೇಕಲ್ವಾ?

ಸತೀಶ್: ಹೌದು, ಒಪ್ಪಿದೆ. ಉಳಿತಾಯ ಸರಾಸರಿ ಎರಡೂವರೆ ವರ್ಷ ಕೈಲಿರುತ್ತೆ, ಅದಕ್ಕೆ ಸುಮಾರು 19 ಸಾವಿರ. ಖೋತಾ 15 ಸಾವಿರಕ್ಕೆ ಬಂತು. ಈಗ ತೀರ್ಮಾನ ನಿಂತಿರೋದು ಆ 40 ಸಾವಿರದ ಮೇಲೆ. ಅದು ನನ್ನ ಅಂದಾಜು. ನಿಮ್ಮೂರಲ್ಲಿ ಐದು ವರ್ಷ ಹಳೆಯ, ಅದೇ ವೇರಿಯಂಟ್‌ನ ಜಾಹೀರಾತು ಎರಡೂ ಕಡೆ ಐದೈದು ನೋಡಿ, ಕೇಳಿದ ಬೆಲೆಯಲ್ಲಿ ಹತ್ತನೇ ಒಂದು ಭಾಗ ಕಳೆದು ಹಿಡಿಯಿರಿ.

ಬಸವರಾಜ, ಹುಬ್ಬಳ್ಳಿ: ಇಷ್ಟ್ಯಾಕ್ ತಲಿ ಕೆಡಿಸ್ಕೋತೀರಿ? ಐದನೇ ವರ್ಷಕ್ಕ ಐಡಿವಿ 50% ಇರ್ತದ. ಅದ ರೀಸೇಲ್.

ಸತೀಶ್: ಅಲ್ಲ. ಐಡಿವಿ ಕಾರು ಕಳುವಾದರೆ ವಿಮೆ ಕಂಪನಿ ಕೊಡೋ ಗರಿಷ್ಠ ಮೊತ್ತ. ಸವಕಳಿಯ ಅದೇ ಕೋಷ್ಟಕ ಎಲ್ಲ ಕಾರಿಗೂ. ಸಂತೆಯಲ್ಲಿ ಎಲ್ಲ ಕಾರಿಗೂ ಒಂದೇ ಬೆಲೆ ಕಂಡಿದ್ದೀರಾ?

ಇಮ್ರಾನ್: ಸರ್ ನಂದು ವರ್ಷಕ್ಕೆ 6 ಸಾವಿರ ಕಿ.ಮೀ. ಸಿಎನ್‌ಜಿ ತಗೊಳ್ಳಲಾ?

ಸತೀಶ್: ಬೇಡ.

ಪ್ರವೀಣ್: ನಂದು 8 ಸಾವಿರ ಸರ್, ಯಾವ್ದು ಬೆಸ್ಟ್?

ಸತೀಶ್: ಮೇಲೆ ಓದಿ.

ಮಂಜುನಾಥ್: ಕೆಜಿಗೆ 25 ಅನ್ನೋದು ತೀರಾ ಕಮ್ಮಿ. ಕಂಪನಿ ಹಾಳೆಯಲ್ಲೇ 30ರ ಮೇಲಿದೆ.

ಲತಾ: ಹಾಳೆಯ ಅಂಕಿ ಪರೀಕ್ಷಾ ಕೊಠಡಿಯದ್ದು. ಬಳಸೋದಾದ್ರೆ ಪೆಟ್ರೋಲ್‌ಗೂ ಹಾಳೆಯದ್ದೇ ಹಾಕಿ. ಒಂದಕ್ಕೆ ರಸ್ತೆದು, ಇನ್ನೊಂದಕ್ಕೆ ಹಾಳೆದು ಹಾಕಿದ್ರೆ ಏನು ಬೇಕಾದ್ರೂ ಸಾಬೀತು ಮಾಡಬಹುದು.

ಮಂಜುನಾಥ್: ನಿಮಗೆ ಎಲ್ಲದರಲ್ಲೂ ತಪ್ಪು ಹುಡುಕೋದೇ ಕೆಲಸ ಮೇಡಂ.

ಲತಾ: ಲೆಕ್ಕದಲ್ಲಿ ಮಾತ್ರ.

ಗಿರೀಶ್: *ಫಾರ್ವರ್ಡ್ ಆಗಿದೆ:* ಪುದುಚೇರಿಯಲ್ಲಿ ಸ್ನೇಹಿತರ ವಿಳಾಸದಲ್ಲಿ ನೋಂದಣಿ ಮಾಡಿಸಿ, ತೆರಿಗೆಯಲ್ಲಿ ಲಕ್ಷ ಉಳಿಸಿ!! ಎಲ್ಲರಿಗೂ ಕಳಿಸಿ 🙏

ಸತೀಶ್: ಇದು ಇಲ್ಲಿ ಎಷ್ಟನೇ ಸಲ ಗಿರೀಶ್? ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಸುಳ್ಳು ವಿಳಾಸ ಕೊಟ್ಟದ್ದು ಬೇರೆ ಅಪರಾಧ. ಆರ್‌ಟಿಒ ಗಾಡಿ ಹಿಡಿದಾಗ ಈ ಫಾರ್ವರ್ಡ್ ಬರೆದವನು ಬಿಡಿಸಿಕೊಡಲ್ಲ.

ಗಿರೀಶ್: ಬಂದಿದ್ದನ್ನ ಕಳಿಸ್ದೆ ಅಷ್ಟೇ ಸರ್.

ಶೋಭಾ: ಪೆಟ್ರೋಲ್ ಕಾರಿಗೆ ಹೊರಗಡೆ ಕಿಟ್ ಹಾಕಿಸಿದ್ರೆ ಅಗ್ಗ ಅಲ್ವಾ ಸರ್?

ಸತೀಶ್: ಕಿಟ್ಟು ಅಗ್ಗ. ಆದರೆ ಆರ್‌ಸಿಯಲ್ಲಿ ನಮೂದಾಗದಿದ್ದರೆ, ವಿಮೆಯಲ್ಲಿ ಸೇರಿಸದಿದ್ದರೆ ಕ್ಲೇಮು ಬಂದಾಗ ತಕರಾರು ಗ್ಯಾರಂಟಿ. ಎಂಜಿನ್ ವಾರಂಟಿಗೂ ಕುತ್ತು. ಯಾವ ಕಿಟ್ಟಿಗಾದರೂ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಬೇಕು, ಆ ಖರ್ಚೂ ಬರೆದುಕೊಳ್ಳಿ.

ಅನಂತ, ಶಿರಸಿ: ಹಾಗಾದ್ರೆ ಕಂಪನಿ ಸಿಎನ್‌ಜಿಗೂ ಆ ಟೆಸ್ಟ್ ಖರ್ಚು ಇದೆಯಲ್ಲ, ಮೊದಲಿನ ಲೆಕ್ಕದಲ್ಲಿ ಕಾಣ್ಲಿಲ್ಲ? ನಮ್ಮೂರ ಕಡೆ ಬಂಕ್ ದೂರ ಇದ್ರೆ ಹತ್ತರಲ್ಲೊಂದು ಸಾಕಾಗುತ್ತಾ?

ಪ್ರವೀಣ್: ಸರ್ ಮೇಲೆ ಓದಿದೆ, ಅರ್ಥ ಆಗ್ಲಿಲ್ಲ. 8 ಸಾವಿರ ಕಿ.ಮೀ.ಗೆ ಯಾವ್ದು?

ಸತೀಶ್: ಪೆಟ್ರೋಲ್. ಪೆಟ್ರೋಲ್. ಪೆಟ್ರೋಲ್.

ರೇಖಾ: ಕೆಳಗಿನ ವೇರಿಯಂಟ್ ಸಿಎನ್‌ಜಿ 9.78ಕ್ಕೆ ಇದೆಯಂತೆ ಸರ್. ಹಿಂದಿನ ವೈಪರ್ ಇಲ್ಲ.

ಸತೀಶ್: ಪ್ರೊಫಾರ್ಮಾದಲ್ಲಿ ತೆರಿಗೆಯ ಸಾಲು 1.52 ಲಕ್ಷದ ಆಸುಪಾಸಿದೆಯಾ ನೋಡಿ. ಇದ್ದರೆ ಅದನ್ನೇ ತಗೊಳ್ಳಿ.